ಎತ್ತರದ ಕರ್ವ್ ಇದ್ದರೂ ಸೋತ ಫ್ರೇಮ್: ಒಂದು ಪಾರ್ಕಿಂಗ್ ಕಟ್ಟಡದ ಪುಶೋವರ್

ಮಂಗಳೂರಿನಲ್ಲಿ ಒಂದು ಅಪಾರ್ಟ್‌ಮೆಂಟ್. ಕೆಳಗೆ ಪಾರ್ಕಿಂಗ್, ಅದರ ಮೇಲೆ ಮೂರು ಮಹಡಿ. ಮಹಡಿಗಳಲ್ಲೆಲ್ಲ ಮುರಕಲ್ಲಿನ ಗೋಡೆ, ಪಾರ್ಕಿಂಗ್‌ನಲ್ಲಿ ಬರೀ ಪಿಲ್ಲರ್. ತೊಂಬತ್ತರ ದಶಕದ ಕೊನೆಗೆ ಕಟ್ಟಿದ್ದು. ಇನ್ನೊಂದು ಮಹಡಿ ಏರಿಸಬಹುದಾ ಎಂದು ಮನೆಯವರು ಕೇಳಿದರು. ಅದಕ್ಕೆ ಉತ್ತರ ಕೊಡುವ ಮೊದಲು, ಈಗ ಇರುವುದೇ ಭೂಕಂಪಕ್ಕೆ ನಿಲ್ಲುತ್ತದಾ ನೋಡೋಣ ಎಂದು ಪುಶೋವರ್ ಮಾಡಿದೆ: ಕಂಪ್ಯೂಟರ್ ಮಾದರಿಯಲ್ಲಿ ಫ್ರೇಮನ್ನು ಅಡ್ಡಕ್ಕೆ ಹೆಚ್ಚು ಹೆಚ್ಚು ತಳ್ಳುತ್ತ ಹೋಗಿ, ತಾರಸಿ ಎಷ್ಟು ಸರಿದಾಗ ಬುಡದಲ್ಲಿ ಎಷ್ಟು ಬಲ ಎಂಬ ಕರ್ವ್ ತೆಗೆಯುವ ಲೆಕ್ಕ.

ಒಂದು ಫ್ರೇಮ್ ತೆಗೆದುಕೊಂಡೆ. 4 ಮೀಟರಿನ ಮೂರು ಅಂಕಣ, 3.2 ಮೀಟರಿನ ನಾಲ್ಕು ಅಂತಸ್ತು. ಪಿಲ್ಲರ್ 300 × 450, ಬೀಮ್ 230 × 450, ಕಾಂಕ್ರೀಟ್ ಎಂ20. ಈ ಫ್ರೇಮ್ ಹೊರುವ ಭಾರ ಸುಮಾರು 2200 ಕಿಲೋನ್ಯೂಟನ್. ಡ್ರಾಯಿಂಗ್ ಸಿಗಲಿಲ್ಲ. ಹಾಗಾಗಿ ಒಂದು ಪಿಲ್ಲರಿನ ಕವರ್ ಒಡೆಸಿ ನೋಡಿದೆ. ಉದ್ದ ಕಂಬಿ 16 ಮಿಮೀಯ ಎಂಟು, ಅದೇನೋ ಸರಿಯಾಗಿತ್ತು. ರಿಂಗ್ ಮಾತ್ರ 6 ಮಿಮೀಯ ನಯವಾದ ಮೈಲ್ಡ್ ಸ್ಟೀಲ್, 200 ಮಿಮೀಗೆ ಒಂದು. ತುದಿಯನ್ನು 90 ಡಿಗ್ರಿಗೆ ಮಡಚಿ ಬಿಟ್ಟಿದ್ದರು, ಒಳಕ್ಕೆ ಬಾಗಿಸಿರಲಿಲ್ಲ. ಕೊನೆಗೆ ಇಡೀ ಲೆಕ್ಕ ಬಂದು ನಿಂತದ್ದು ಈ ರಿಂಗಿನ ಮೇಲೆಯೇ.

ಮೊದಲು ಗೋಡೆಗಳನ್ನು ಬರೀ ಭಾರ ಎಂದು ಹಾಕಿ, ಬೋಳು ಫ್ರೇಮ್ ತಳ್ಳಿದೆ. SAP2000 ಪ್ರೋಗ್ರಾಮಿನಲ್ಲಿ ಬೀಮಿನ ಎರಡೂ ತುದಿಗೆ `M3` ಹಿಂಜ್, ಪಿಲ್ಲರಿನ ಎರಡೂ ತುದಿಗೆ `P-M3` ಹಿಂಜ್ ಕೊಟ್ಟೆ. ಎರಡೂ ಬಾಗುವ ಹಿಂಜ್, ಅಂದರೆ ತುದಿ ಮಣಿದು ತಿರುಗುವ ಜಾಗ; `P-M3` ಪಿಲ್ಲರಿನ ಮೇಲಿನ ಒತ್ತಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗುರುತ್ವದ ಭಾರವನ್ನು ಮೊದಲು ನಾನ್‌ಲೀನಿಯರ್ ಕೇಸ್ ಆಗಿ ಓಡಿಸಬೇಕು, ಅದು ಮುಗಿದ ಸ್ಥಿತಿಯಿಂದಲೇ ಅಡ್ಡ ತಳ್ಳುವಿಕೆ ಶುರುವಾಗಬೇಕು. ಇದು ತಪ್ಪಿದರೆ ಪಿಲ್ಲರಿನಲ್ಲಿ ಒತ್ತಡವೇ ಇಲ್ಲ ಎಂದು ಪ್ರೋಗ್ರಾಮ್ ತಿಳಿಯುತ್ತದೆ. ಇಲ್ಲಿ ಸರಾಸರಿ 550 ಕಿಲೋನ್ಯೂಟನ್ ಒತ್ತಡದಲ್ಲಿ ಕೆಳಗಿನ ಪಿಲ್ಲರ್ ಸುಮಾರು 180 ಕಿಲೋನ್ಯೂಟನ್ ಮೀಟರ್ ಬಾಗು ತಡೆಯುತ್ತದೆ. ಒತ್ತಡ ತೆಗೆದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ತಪ್ಪಿದೆಯಾ ಎಂದು ತಿಳಿಯುವುದು ಸುಲಭ: ತಳ್ಳುವ ಮೊದಲ ಹೆಜ್ಜೆಯಲ್ಲೇ ಬುಡದ ಲಂಬ ರಿಯಾಕ್ಷನ್ ಕೂಡಿಸಿ ನೋಡಿ, 2200 ಬರಬೇಕು.

ಮೊದಲ ಮೋಡ್‌ನ ಆಕಾರದಲ್ಲಿ ತಳ್ಳಿದಾಗ ಕೆಳಗಿನ ಎರಡು ಮಹಡಿಗಳ ಬೀಮ್ ತುದಿಯಲ್ಲಿ ಮೊದಲು ಹಿಂಜ್ ಬಂತು. ಆಮೇಲೆ ಮೇಲಿನ ಬೀಮ್‌ಗಳು. ಕೊನೆಗೆ ಪಿಲ್ಲರಿನ ಬುಡ. ಪಾಠದಲ್ಲಿ ಹೇಳುವ ಕ್ರಮವೇ ಅಲ್ವಾ? ಬುಡದ ಒಟ್ಟು ಅಡ್ಡ ಬಲ, ಅಂದರೆ ಬೇಸ್ ಶಿಯರ್, 260 ಕಿಲೋನ್ಯೂಟನ್ ಹತ್ತಿರ ಹೋಗಿ ಮಲಗಿತು.

ಕಂಪ್ಯೂಟರ್ ಕೊಟ್ಟ ಅಂಕಿಯನ್ನು ಕೈಲೆಕ್ಕದಿಂದ ನೋಡದೆ ನಾನು ಮುಂದೆ ಹೋಗುವುದಿಲ್ಲ. ಒಂದೊಂದು ಬೀಮಿನ ತುದಿ ಒಂದು ಕಡೆ 90, ಇನ್ನೊಂದು ಕಡೆ 63 ಕಿಲೋನ್ಯೂಟನ್ ಮೀಟರ್ ಬಾಗು ತಡೆಯುತ್ತದೆ. ಮೂರು ಅಂಕಣ, ನಾಲ್ಕು ಮಟ್ಟ: 1836. ನಾಲ್ಕು ಪಿಲ್ಲರ್ ಬುಡ ಸೇರಿಸಿದರೆ ಇನ್ನೂ 720. ಒಟ್ಟು 2556. ತಳ್ಳುವ ಬಲದ ಸರಾಸರಿ ಎತ್ತರ 9.6 ಮೀಟರ್. ಭಾಗಿಸಿದರೆ 266. ಕರ್ವ್ ಇದಕ್ಕಿಂತ ತುಂಬ ಮೇಲೆ ಹೋದರೆ ಯಾವುದೋ ತುದಿಯಲ್ಲಿ ಹಿಂಜ್ ಹಾಕುವುದು ಮರೆತಿದೆ ಎಂದರ್ಥ.

ಇನ್ನು ಟಾರ್ಗೆಟ್ ಡಿಸ್‌ಪ್ಲೇಸ್‌ಮೆಂಟ್. ಎಎಸ್‌ಸಿಇ 41 ಎಂಬ ಅಮೆರಿಕದ ಮಾನದಂಡದ ಸೂತ್ರ ಬಳಸಿದೆ, ಭೂಕಂಪಕ್ಕೆ ತಾರಸಿ ಎಷ್ಟು ಸರಿಯಬಹುದು ಎಂದು ಹೇಳುವುದು ಇದೇ:

```
δt = C0 · C1 · C2 · Sa · (Te² / 4π²) · g
```

ಕರ್ವ್‌ನ ಬದಲಿಗೆ ಎರಡು ನೇರ ಗೆರೆ ಎಳೆದು, ಯೀಲ್ಡ್ ಬಲದ 60 ಶೇಕಡಾದಲ್ಲಿ ಕರ್ವ್ ಮುಟ್ಟುವ ಹಾಗೆ ಮೊದಲ ಗೆರೆಯನ್ನು ಹೊಂದಿಸಬೇಕು. ಅದರಿಂದ ಫ್ರೇಮ್ ಒಮ್ಮೆ ತೂಗಲು ಹಿಡಿಯುವ ಕಾಲ `Te` 0.95 ಸೆಕೆಂಡ್ ಬಂತು. ಐಎಸ್ 1893:2016ರಲ್ಲಿ ಮಂಗಳೂರು ಮೂರನೇ ಭೂಕಂಪ ವಲಯ, ವಲಯದ ಗುಣಾಂಕ 0.16. ಮಧ್ಯಮ ಮಣ್ಣಿಗೆ ಭೂಕಂಪದ ವೇಗೋತ್ಕರ್ಷ `Sa`, `g`ಯ 0.23ರಷ್ಟು. ಅತಿ ದೊಡ್ಡ ಭೂಕಂಪಕ್ಕೇ ನೋಡಿದ್ದರಿಂದ 0.16ನ್ನು ಅರ್ಧ ಮಾಡಲಿಲ್ಲ. ಲೆಕ್ಕವನ್ನು ತಾರಸಿಯ ಸರಿತಕ್ಕೆ ತರುವ `C0` ನಾಲ್ಕು ಅಂತಸ್ತಿಗೆ 1.3, ಉಳಿದ ಎರಡೂ ಹತ್ತಿರ ಹತ್ತಿರ 1. ತಾರಸಿ 68 ಮಿಮೀ ಸರಿಯಬೇಕು ಎಂದಾಯಿತು. ಯೀಲ್ಡ್ ಆದದ್ದು 38ಕ್ಕೆ. 68ರಲ್ಲಿ ಹಿಂಜ್‌ಗಳೆಲ್ಲ ಮಿತಿಯೊಳಗೇ ಇದ್ದವು. ಇಲ್ಲಿಗೇ ನಿಲ್ಲಿಸಿದ್ದರೆ ಕಟ್ಟಡ ಪಾಸ್ ಎಂದು ಬರೆದುಕೊಡಬಹುದಿತ್ತು.

ಆದರೆ ಆ ಕಟ್ಟಡ ಬೋಳು ಫ್ರೇಮ್ ಅಲ್ಲ. 2001ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಕುಸಿದ ಅಪಾರ್ಟ್‌ಮೆಂಟ್‌ಗಳು ಹೆಚ್ಚಾಗಿ ಇದೇ ಜಾತಿಯವು: ಮೇಲೆ ಗೋಡೆ, ಕೆಳಗೆ ಖಾಲಿ. ಹಾಗಾಗಿ ಮುರಕಲ್ಲಿನ ಗೋಡೆಗಳನ್ನು ಮೂಲೆಯಿಂದ ಮೂಲೆಗೆ ಒತ್ತುವ ಓರೆ ಸ್ಟ್ರಟ್ ಮಾಡಿ, ಅಗಲವನ್ನು ಐಎಸ್ 1893ರ ಸೂತ್ರದಿಂದ ತೆಗೆದು, ಮೇಲಿನ ಮೂರು ಅಂತಸ್ತಿಗೆ ಹಾಕಿದೆ. ಮತ್ತೆ ತಳ್ಳಿದೆ.

ಕರ್ವ್ ಪೂರ್ತಿ ಬದಲಾಯಿತು. ಬೇಸ್ ಶಿಯರ್ 500 ದಾಟಿತು, ಅಂದರೆ ಮೊದಲಿನ ಸುಮಾರು ಎರಡು ಪಟ್ಟು. `Te` 0.5 ಸೆಕೆಂಡಿಗೆ ಇಳಿಯಿತು. `C0` ಕೂಡ ಸ್ವಲ್ಪ ಇಳಿಯಿತು. `Sa` 0.40ಕ್ಕೆ ಏರಿದರೂ ಟಾರ್ಗೆಟ್ ಬರೀ 29 ಮಿಮೀ. ಬಲ ಜಾಸ್ತಿ, ಸರಿಯುವುದು ಕಡಿಮೆ. ಕರ್ವ್ ಮಾತ್ರ ನೋಡುವವರಿಗೆ ಇದು ಹೆಚ್ಚು ಗಟ್ಟಿ ಕಟ್ಟಡ.

ಹಿಂಜ್‌ಗಳ ಚಿತ್ರ ತೆರೆದಾಗ ಬೇರೆಯೇ ಕಂಡಿತು. ಮೇಲಿನ ಬೀಮ್‌ಗಳಲ್ಲಿ ಒಂದು ಚುಕ್ಕೆಯೂ ಇಲ್ಲ. ಹಿಂಜ್ ಎಲ್ಲ ಪಾರ್ಕಿಂಗ್‌ನ ನಾಲ್ಕು ಪಿಲ್ಲರಿನ ತಲೆಯಲ್ಲಿ, ಬುಡದಲ್ಲಿ. 29 ಮಿಮೀಯಲ್ಲಿ 25ರಷ್ಟು ಈ ಒಂದೇ ಅಂತಸ್ತಿನದು. ಮೇಲಿನ ಮೂರು ಮಹಡಿ ಒಂದೇ ಪೆಟ್ಟಿಗೆಯ ಹಾಗೆ ಸರಿಯುತ್ತಿವೆ. ಆದರೂ ಹಿಂಜ್‌ನ ತಿರುವು 0.005 ರೇಡಿಯನ್ ಅಷ್ಟೇ. ಅಂಚಿನಲ್ಲಿದ್ದರೂ ಸರಿ ಎಂದೇ ಪ್ರೋಗ್ರಾಮ್ ತೋರಿಸುತ್ತಿತ್ತು.

ಆಗ ನೆನಪಾದದ್ದು ಆ 6 ಮಿಮೀ ರಿಂಗ್. ಪಿಲ್ಲರಿನ ಎರಡೂ ತುದಿಗೆ 180 ಬಂದರೆ, 2.75 ಮೀಟರ್ ತೆರೆದ ಉದ್ದಕ್ಕೆ ಶಿಯರ್ 360 ಭಾಗಿಸು 2.75, ಅಂದರೆ 131 ಕಿಲೋನ್ಯೂಟನ್. ತಡೆಯುವುದೆಷ್ಟು? ಕಾಂಕ್ರೀಟ್ 90, ರಿಂಗ್ 28, ಒಟ್ಟು 118. ಬಾಗಿ ಹಿಂಜ್ ಆಗುವ ಮೊದಲೇ ಪಿಲ್ಲರ್ ಓರೆಯಾಗಿ ಸೀಳುತ್ತದೆ. ನಾನು ಬಾಗುವ ಹಿಂಜ್ ಮಾತ್ರ ಕೊಟ್ಟಿದ್ದರಿಂದ ಪ್ರೋಗ್ರಾಮ್‌ಗೆ ಇದು ಗೊತ್ತೇ ಇರಲಿಲ್ಲ. ಅದು ನಾವು ಹೇಳಿದ ರೀತಿಯಲ್ಲಿ ಮಾತ್ರ ಸೋಲುತ್ತದೆ.

ಪಿಲ್ಲರ್‌ಗಳಿಗೆ ಶಿಯರಿನ `V2` ಹಿಂಜ್ ಸೇರಿಸಿ, ಮಿತಿ ಮುಟ್ಟಿದೊಡನೆ ಬಲ ಬೀಳುವ ಹಾಗೆ ಕೊಟ್ಟೆ. ಈ ಸಲ ತಾರಸಿ 13 ಮಿಮೀ ಸುತ್ತ ಇರುವಾಗಲೇ ನಡುವಿನ ಪಿಲ್ಲರ್ ಬಿತ್ತು, ಅದರ ಹಿಂದೆಯೇ ಉಳಿದವು. ಕರ್ವ್ ಗೋಡೆಯಿಂದ ಜಾರಿದ ಹಾಗೆ ಇಳಿಯಿತು. ಟಾರ್ಗೆಟ್‌ನ ಅರ್ಧದಾರಿಯೂ ಆಗಿರಲಿಲ್ಲ. ಇಂಥ ಕಡೆ ಲೆಕ್ಕ ಹೊಂದದೆ ಪ್ರೋಗ್ರಾಮ್ ನಿಂತುಬಿಡುವುದೂ ಉಂಟು. ನಿಂತದ್ದಕ್ಕೆ ಕಟ್ಟಡ ಬಿತ್ತು ಎನ್ನಬಾರದು. ಹೆಜ್ಜೆ ಸಣ್ಣದು ಮಾಡಿ ಇನ್ನೊಮ್ಮೆ ಓಡಿಸಿ, ನಿಲ್ಲುವ ಮುಂಚಿನ ಹೆಜ್ಜೆಯಲ್ಲಿ ಯಾವ ಹಿಂಜ್ ಬಲ ಕಳೆದುಕೊಂಡಿತು ನೋಡಬೇಕು.

ಮಹಡಿ ಏರಿಸುವುದು ಬೇಡ ಎಂದು ಹೇಳಿದೆ. ಬದಲಿಗೆ ಪಾರ್ಕಿಂಗ್‌ನ ಪಿಲ್ಲರ್‌ಗಳಿಗೆ ಕಾಂಕ್ರೀಟ್ ಜಾಕೆಟ್ ಹಾಕಿಸಿದೆವು, 10 ಮಿಮೀ ರಿಂಗ್, 100 ಮಿಮೀಗೆ ಒಂದು. ಜಾಕೆಟ್‌ನ ತಲೆಗೂ ಬುಡಕ್ಕೂ 25 ಮಿಮೀ ಸಂದು ಬಿಡಿಸಿದೆ. ಮೇಸ್ತ್ರಿಗೆ ಇದು ಸರಿ ಕಾಣಲಿಲ್ಲ, "ಸಾರ್, ಪೂರ್ತಿ ತುಂಬಿದರೆ ಗಟ್ಟಿ ಆಗ್ತದಲ್ಲ?" ಎಂದರು. ತುಂಬಿದರೆ ತುದಿಯ ಬಾಗು ತಡೆಯುವ ಶಕ್ತಿ 180ಕ್ಕಿಂತ ಏರುತ್ತದೆ, ಅದರೊಂದಿಗೆ ಶಿಯರ್ ಕೂಡ ಏರುತ್ತದೆ, ಪಾಯಕ್ಕೆ ಇಳಿಯುವ ಬಾಗೂ ಏರುತ್ತದೆ. ಕಾಗದದ ಮೇಲೆ ಬರೆದು ತೋರಿಸಿದೆ, ಒಪ್ಪಿದರು.

ಕೊನೆಯ ಸಲ ತಳ್ಳಿದಾಗ ಟಾರ್ಗೆಟ್ ಏರಲಿಲ್ಲ. `Te` ಸ್ವಲ್ಪ ಇಳಿದರೂ `Sa` ಸಮತಟ್ಟು ಭಾಗದಲ್ಲೇ ಇದೆ. ಹಿಂಜ್‌ಗಳು ಈಗಲೂ ಅದೇ ಎಂಟು ತುದಿಯಲ್ಲಿ ಬರುತ್ತವೆ, ಆದರೆ `V2` ಒಂದೂ ತೆರೆಯಲಿಲ್ಲ. ಸೈಟಿನಲ್ಲಿ ನಾನು ನಿಂತು ನೋಡಿದ್ದು ಒಂದೇ: ಪ್ರತಿ ರಿಂಗಿನ ಕೊಕ್ಕೆ 135 ಡಿಗ್ರಿಗೆ ಬಾಗಿ ಒಳಗೆ ಹೋಗಿದೆಯಾ ಎಂದು.