ತಹಶೀಲ್ದಾರರಿಗೆ ಅರ್ಜಿ: ಸಂಬೋಧನೆಯಿಂದ ಸಹಿಯವರೆಗೆ ನಾನು ಬರೆಯುವ ಕ್ರಮ

ಊರಿನವರಿಗೆ ಅರ್ಜಿ ಬರೆದುಕೊಡುವಾಗ ಒಕ್ಕಣೆಗಿಂತ ಮೊದಲು ನಾನು ಕೇಳುವುದು ಒಂದೇ: ಈ ಕೆಲಸ ಮಾಡಿಕೊಡುವ ಅಧಿಕಾರ ಯಾವ ಹುದ್ದೆಗಿದೆ? ಹುದ್ದೆ ಗೊತ್ತಾದರೆ ಸಂಬೋಧನೆ, ಮುಕ್ತಾಯ ಎರಡೂ ತಾವಾಗಿಯೇ ಸರಿಹೋಗುತ್ತವೆ. ಪಹಣಿಯಲ್ಲಿ ತಂದೆಯ ಹೆಸರು ‘ಕೆಂಚಪ್ಪ’ ಎಂದಿರಬೇಕಾದ ಕಡೆ ‘ಕೆಂಪಪ್ಪ’ ಎಂದು ಬಿದ್ದಿದೆ, ಮಗಳು ತಿದ್ದುಪಡಿಗೆ ಅರ್ಜಿ ಕೊಡಬೇಕು ಎಂದಿಟ್ಟುಕೊಳ್ಳಿ. ಇದನ್ನು ತಹಶೀಲ್ದಾರರಿಗೆ ಬರೆಯಬೇಕು.

ವಿಳಾಸದಲ್ಲಿ ಅಧಿಕಾರಿಯ ಹೆಸರು ಹಾಕುವುದಿಲ್ಲ, ಹುದ್ದೆಯನ್ನಷ್ಟೇ ಹಾಕುತ್ತೇನೆ. ಅರ್ಜಿ ಹೋಗುವುದು ಕುರ್ಚಿಗೆ. ಅಧಿಕಾರಿ ವರ್ಗವಾಗಿ ಹೋದರೂ ಹುದ್ದೆಗೆ ಬಂದ ಅರ್ಜಿ ಅಲ್ಲೇ ಉಳಿಯುತ್ತದೆ. ಹೆಸರು ಬರೆದ ಲಕೋಟೆಯನ್ನು ಟಪಾಲು ವಿಭಾಗದವರು ಖಾಸಗಿ ಪತ್ರವೆಂದು ಒಡೆಯದೆ ಮೇಜಿನ ಮೇಲಿಟ್ಟುಬಿಡಬಹುದು. ಆಗ ಅದಕ್ಕೆ ಆವಕ ಸಂಖ್ಯೆಯೇ ಬೀಳುವುದಿಲ್ಲ. ಸಂಖ್ಯೆಯಿಲ್ಲದ ಅರ್ಜಿಯನ್ನು ಆಮೇಲೆ ಹುಡುಕಿಸುವುದು ಬಹಳ ಕಷ್ಟ.

ಮೇಲಿನ ಭಾಗವನ್ನು ಹೀಗೆ ಬರೆಯುತ್ತೇನೆ:

ಇವರಿಗೆ,
ಮಾನ್ಯ ತಹಶೀಲ್ದಾರರು,
ತಾಲ್ಲೂಕು ಕಚೇರಿ,
(ತಾಲ್ಲೂಕು, ಜಿಲ್ಲೆ)

ಮಾನ್ಯರೇ,

ವಿಷಯ: (ಗ್ರಾಮ) ಸರ್ವೆ ನಂ. (...)ರ ಪಹಣಿಯಲ್ಲಿ ನನ್ನ ತಂದೆಯ ಹೆಸರು ತಿದ್ದುಪಡಿ ಮಾಡಿಕೊಡುವ ಬಗ್ಗೆ.
ಉಲ್ಲೇಖ: (ಹಿಂದಿನ ಅರ್ಜಿ ಅಥವಾ ಮ್ಯುಟೇಷನ್ ಸಂಖ್ಯೆ, ದಿನಾಂಕ)

ಅರ್ಜಿದಾರರ ಹೆಸರು, ವಿಳಾಸ, ಫೋನ್ ನಂಬರನ್ನು ‘ಇಂದ’ ಎಂದು ಇದಕ್ಕೂ ಮೇಲೆ ಬರೆಯುತ್ತೇನೆ. ಕೆಲವರು ಅದನ್ನು ಕೊನೆಯಲ್ಲಿ ಸಹಿಯ ಕೆಳಗೆ ಬರೆಯುತ್ತಾರೆ, ಅದೂ ನಡೆಯುತ್ತದೆ. ಎರಡೂ ಕಡೆ ಬಿಟ್ಟುಹೋಗಬಾರದು, ಅಷ್ಟೇ.

‘ಮಾನ್ಯರೇ’ ಎಂಬ ಸಂಬೋಧನೆ ತಹಶೀಲ್ದಾರರಿಂದ ಜಿಲ್ಲಾಧಿಕಾರಿಯವರೆಗೆ ಎಲ್ಲರಿಗೂ ಸಾಕು. ‘ಮಾನ್ಯರೆ’ ಎಂದು ಹ್ರಸ್ವದಲ್ಲಿ ಬರೆದರೂ ತಪ್ಪಲ್ಲ. ಅದರ ದೊಡ್ಡ ಅನುಕೂಲವೆಂದರೆ ಅಧಿಕಾರಿ ಗಂಡಸೋ ಹೆಂಗಸೋ ಎಂದು ತಿಳಿಯುವ ಅಗತ್ಯವೇ ಬೀಳುವುದಿಲ್ಲ. ‘ಮಹಾಶಯರೇ’ ಎಂದು ಬರೆದರೆ ಎದುರಿಗಿರುವವರು ಗಂಡಸೆಂದು ಮೊದಲೇ ತೀರ್ಮಾನಿಸಿದಂತಾಗುತ್ತದೆ, ಇಂದು ಎಷ್ಟೋ ಕಚೇರಿಗಳಲ್ಲಿ ಅದು ತಪ್ಪಾಗುತ್ತದೆ. ‘ಶ್ರೀಮತಿ’ ಎಂದು ಊಹಿಸಿ ಬರೆಯುವುದಂತೂ ಬೇಡವೇ ಬೇಡ. ‘ಸನ್ಮಾನ್ಯ’ವನ್ನು ಮಂತ್ರಿಗಳಿಗೆ, ಶಾಸಕರಿಗೆ ಬರೆಯುವ ಮನವಿಗೆ ಇಟ್ಟುಕೊಳ್ಳುತ್ತೇನೆ. ‘ಘನತೆವೆತ್ತ’ ಎಂಬುದು ಅಧಿಕಾರಿಗೆ ಸಲ್ಲದ ಮಾತು. ವಿಶೇಷಣ ಏರಿಸಿದರೆ ಕೆಲಸ ಬೇಗ ಆಗುತ್ತದೆಂಬ ನಂಬಿಕೆ ಜನರಲ್ಲಿದೆ. ಓದುವ ವಿಷಯ ನಿರ್ವಾಹಕರಿಗೆ ಬೇಕಾಗಿರುವುದು ಸರ್ವೆ ನಂಬರು, ಹೊಗಳಿಕೆಯಲ್ಲ.

‘ಆತ್ಮೀಯ ಶ್ರೀ ... ರವರೇ’ ಎಂದು ಶುರುವಾಗುವ ಸರ್ಕಾರಿ ಪತ್ರಗಳನ್ನು ನೋಡಿ ಕೆಲವರು ಹಾಗೆಯೇ ನಕಲು ಮಾಡುತ್ತಾರೆ. ಅವು ಅರೆ ಸರ್ಕಾರಿ ಪತ್ರಗಳು, ಅಂದರೆ ಒಬ್ಬ ಅಧಿಕಾರಿ ಇನ್ನೊಬ್ಬ ಅಧಿಕಾರಿಯ ವೈಯಕ್ತಿಕ ಗಮನಕ್ಕೆ ಹೆಸರು ಹಿಡಿದು ಬರೆಯುವಂಥವು. ಸಾರ್ವಜನಿಕರ ಅರ್ಜಿಗೆ ಆ ಧಾಟಿ ಹೊಂದುವುದಿಲ್ಲ. ಹಾಗೆಯೇ ಕಚೇರಿಯಿಂದ ಬರುವ ಜ್ಞಾಪನದಲ್ಲಿ ಸಂಬೋಧನೆಯೂ ಇರುವುದಿಲ್ಲ, ‘ತಮ್ಮ ವಿಶ್ವಾಸಿ’ಯೂ ಇರುವುದಿಲ್ಲ. ಅದು ಅಗೌರವವಲ್ಲ, ಆ ಬಗೆಯ ಪತ್ರದ ರೂಪವೇ ಹಾಗೆ. ಅದನ್ನು ನೋಡಿಕೊಂಡು ನಾವೂ ‘ಮಾನ್ಯರೇ’ ಬಿಟ್ಟು ಉತ್ತರ ಬರೆಯಬಾರದು.

ಒಳಗಿನ ಒಕ್ಕಣೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗುತ್ತದೆ. ಇಲ್ಲಿ ಹೆಚ್ಚಾಗಿ ಆಗುವ ತಪ್ಪು ತಾವು-ನೀವು ಬೆರಕೆ. ಮೊದಲ ಸಾಲಿನಲ್ಲಿ ‘ತಮ್ಮ ಗಮನಕ್ಕೆ ತರಬಯಸುತ್ತೇನೆ’ ಎಂದವರು ಮೂರನೆಯ ಸಾಲಿಗೆ ಬರುವಷ್ಟರಲ್ಲಿ ‘ನೀವು ಸರಿಮಾಡಿಕೊಡಿ’ ಎಂದಿರುತ್ತಾರೆ. ಸಂಬೋಧನೆಯಲ್ಲಿ ಕೊಟ್ಟ ಗೌರವ ಅಲ್ಲಿಗೆ ಮುಗಿಯಿತು. ಬರೆದಾದ ಮೇಲೆ ಕ್ರಿಯಾಪದಗಳನ್ನು ಮಾತ್ರ ಹಿಡಿದು ಒಮ್ಮೆ ಓದಿದರೆ ಇದು ಸಿಕ್ಕಿಬೀಳುತ್ತದೆ. ಪಹಣಿಯ ಅರ್ಜಿಯ ಕೊನೆಯ ಸಾಲನ್ನು ನಾನು ಹೀಗಿಡುತ್ತೇನೆ: ‘ಆದ್ದರಿಂದ ತಾವು ದಯಮಾಡಿ ಲಗತ್ತಿಸಿರುವ ದಾಖಲೆಗಳನ್ನು ಪರಿಶೀಲಿಸಿ, ಪಹಣಿಯಲ್ಲಿ ಕೆಂಪಪ್ಪ ಎಂದಿರುವುದನ್ನು ಕೆಂಚಪ್ಪ ಎಂದು ತಿದ್ದುಪಡಿ ಮಾಡಲು ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.’ ಯಾವುದು ಇದೆ, ಯಾವುದು ಆಗಬೇಕು ಎರಡೂ ಒಂದೇ ವಾಕ್ಯದಲ್ಲಿರಬೇಕು. ‘ನ್ಯಾಯ ಒದಗಿಸಿಕೊಡಬೇಕು’ ಎಂದಷ್ಟೇ ಬರೆದರೆ ಕಡತದಲ್ಲಿ ಟಿಪ್ಪಣಿ ಬರೆಯುವವರಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಮುಕ್ತಾಯ ಹೀಗೆ:

ವಂದನೆಗಳೊಂದಿಗೆ,

ಸ್ಥಳ:
ದಿನಾಂಕ:

ತಮ್ಮ ವಿಶ್ವಾಸಿ,
(ಸಹಿ)
(ಪೂರ್ಣ ಹೆಸರು)

ಅಡಕಗಳು: 1. ಪಹಣಿ ಪ್ರತಿ 2. ಆಧಾರ್ ಪ್ರತಿ 3. ಕ್ರಯಪತ್ರದ ಪ್ರತಿ

ಸ್ಥಳ, ದಿನಾಂಕ ಎಡಕ್ಕೆ. ‘ತಮ್ಮ ವಿಶ್ವಾಸಿ’ಯಿಂದ ಹೆಸರಿನವರೆಗೆ ಬಲಕ್ಕೆ. ‘ವಂದನೆಗಳೊಂದಿಗೆ’ ಎಂದ ಮೇಲೆ ‘ಧನ್ಯವಾದಗಳೊಂದಿಗೆ’, ‘ಇಂತಿ ನಮಸ್ಕಾರಗಳು’ ಎಂದು ಪೇರಿಸುವುದಿಲ್ಲ. ಒಂದೇ ಸಾಕು. ‘ತಮ್ಮ ವಿಶ್ವಾಸಿ’ ಗಂಡಸು ಹೆಂಗಸು ಇಬ್ಬರಿಗೂ ಹೊಂದುತ್ತದೆ. ಹತ್ತು ಜನ ಸೇರಿ ಸಹಿ ಹಾಕುವ ಮನವಿಯಾದರೆ ‘ತಮ್ಮ ವಿಶ್ವಾಸಿಗಳು’. ಸರ್ಕಾರಿ ಪತ್ರಗಳಲ್ಲಿ ಬರುವ ‘ತಮ್ಮ ನಂಬುಗೆಯ’ ಎಂಬುದೂ ಸರಿಯೇ. ‘ತಮ್ಮ ವಿಧೇಯ’ ಎಂಬುದನ್ನು ವಿದ್ಯಾರ್ಥಿ ಮುಖ್ಯೋಪಾಧ್ಯಾಯರಿಗೆ, ನೌಕರರು ಮೇಲಧಿಕಾರಿಗೆ ಬರೆಯುವುದಕ್ಕೆ ಬಿಡುತ್ತೇನೆ. ತನ್ನ ಜಮೀನಿನ ದಾಖಲೆ ಸರಿಪಡಿಸಿ ಎಂದು ಕೇಳುವ ರೈತ ಯಾರ ಕೈಕೆಳಗಿನವರೂ ಅಲ್ಲ. ‘ತಮ್ಮ ಪಾದಸೇವಕ’, ‘ಬಡಪಾಯಿ’ ಎಂದೆಲ್ಲ ಹಳೆಯ ಅರ್ಜಿಗಳಲ್ಲಿ ಕಾಣುತ್ತದೆ. ಅದನ್ನು ಯಾರು ಕೇಳಿದರೂ ನಾನು ಬರೆದುಕೊಡುವುದಿಲ್ಲ.

ಟೈಪ್ ಮಾಡಿಸಿದ ಅರ್ಜಿಯಲ್ಲಿ ‘ಸಹಿ/-’ ಎಂದು ಅಚ್ಚಾಗಿ ಬಂದು, ಅದನ್ನೇ ಕಚೇರಿಗೆ ಕೊಟ್ಟುಬರುವವರಿದ್ದಾರೆ. ಆ ಗುರುತು ಮೂಲದಲ್ಲಿ ಸಹಿಯಾಗಿದೆ ಎಂದು ನಕಲಿನಲ್ಲಿ ತೋರಿಸುವುದಕ್ಕೆ ಮಾತ್ರ. ಮೂಲ ಅರ್ಜಿಗೆ ಪೆನ್ನಿನಲ್ಲೇ ಸಹಿ ಬೀಳಬೇಕು, ಹೆಬ್ಬೆಟ್ಟಾದರೆ ಪಕ್ಕದಲ್ಲಿ ಯಾರ ಗುರುತೆಂದು ಹೆಸರು ಬರೆಯಬೇಕು. ಸಹಿ ಓದಲು ಬರುವುದಿಲ್ಲ, ಆದ್ದರಿಂದ ಕೆಳಗಿನ ಪೂರ್ಣ ಹೆಸರು ಆಧಾರ್‌ನಲ್ಲಿರುವಂತೆಯೇ ಇರಲಿ. ಹೆಸರು ತಿದ್ದುಪಡಿಯ ಅರ್ಜಿಯಲ್ಲೇ ಅರ್ಜಿದಾರಳ ಹೆಸರು ಒಂದೊಂದು ಕಡೆ ಒಂದೊಂದು ರೀತಿ ಇದ್ದರೆ ಹೊಸ ತಕರಾರು ಹುಟ್ಟುತ್ತದೆ.

ಉಪ ವಿಭಾಗಾಧಿಕಾರಿಗೂ ಪ್ರತಿ ಕಳಿಸುವುದಿದ್ದರೆ ಅಡಕಗಳ ಕೆಳಗೆ ‘ಪ್ರತಿ: ಮಾನ್ಯ ಉಪ ವಿಭಾಗಾಧಿಕಾರಿಗಳಿಗೆ, ಮಾಹಿತಿಗಾಗಿ’ ಎಂದು ಒಂದು ಸಾಲು. ಅವರಿಗೆಂದು ಇನ್ನೊಂದು ‘ಮಾನ್ಯರೇ’ ಬೇಕಿಲ್ಲ. ನೌಕರರ ಅರ್ಜಿಯಾದರೆ ವಿಳಾಸದ ಕೆಳಗೆ ‘ಮೂಲಕ:’ ಎಂದು ನೇರ ಮೇಲಧಿಕಾರಿಯ ಹುದ್ದೆ ಬರೆಯಬೇಕು.

ಎರಡು ಪ್ರತಿ ತೆಗೆದು, ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಬರೆಯುವ ನೆನಪೋಲೆಗೆ ಆ ಸಂಖ್ಯೆ ಮತ್ತು ದಿನಾಂಕವೇ ಉಲ್ಲೇಖ. ನೆನಪೋಲೆಯಲ್ಲೂ ಸಂಬೋಧನೆ ‘ಮಾನ್ಯರೇ’, ಮುಕ್ತಾಯ ‘ತಮ್ಮ ವಿಶ್ವಾಸಿ’. ಬದಲಾಗುವುದು ಒಳಗಿನ ಒಂದು ವಾಕ್ಯ ಮಾತ್ರ: ‘ಉಲ್ಲೇಖಿತ ಅರ್ಜಿಯ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.’