ವಿದೇಶಿ ಅತಿಥಿಗೆ ಧಾರೆ, ಸಪ್ತಪದಿ ತಿಳಿಸಿಕೊಡುವುದು ಹೇಗೆ?

ಮದುವೆಗೆ ಬಂದ ವಿದೇಶಿ ಗೆಳೆಯರಿಗೆ ಪಕ್ಕದಲ್ಲಿ ಕುಳಿತವರು ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ: ಕನ್ಯಾದಾನ ಎಂದರೆ ಮಗಳನ್ನು ದಾನ ಕೊಡುವುದು, ಸಪ್ತಪದಿ ಎಂದರೆ ಬೆಂಕಿಗೆ ಏಳು ಸುತ್ತು ಬರುವುದು. ಮೊದಲನೆಯದು ಅರ್ಧ ಮಾತು. ಎರಡನೆಯದು ನಮ್ಮ ಕಡೆಯ ವೈದಿಕ ಮದುವೆಗೆ ಹೊಂದುವುದೇ ಇಲ್ಲ. ಅರ್ಥ ಹೇಳುವ ಮೊದಲು ಯಾರು, ಯಾರ ಕೈಗೆ, ಏನು ಕೊಡುತ್ತಿದ್ದಾರೆ ಎಂಬುದನ್ನು ತೋರಿಸಿದರೆ ಅತಿಥಿಗೆ ಬೇಗ ತಿಳಿಯುತ್ತದೆ.

ಹಿಂದಿನ ದಿನವೇ ಪುರೋಹಿತರನ್ನು ಒಂದು ಮಾತು ಕೇಳಿಟ್ಟುಕೊಳ್ಳಿ: ಮದುವೆ ಯಾವ ಸೂತ್ರದ, ಅಂದರೆ ಮನೆತನ ಅನುಸರಿಸುವ ಯಾವ ವಿಧಿಗ್ರಂಥದ ಪ್ರಕಾರ? ಆಶ್ವಲಾಯನ ಸೂತ್ರದವರಲ್ಲಿ ಅಗ್ನಿಗೆ ಅರಳು ಅರ್ಪಿಸುವ ಲಾಜಹೋಮ ಮುಗಿದ ಮೇಲೆ ಸಪ್ತಪದಿ, ಆಪಸ್ತಂಬದವರಲ್ಲಿ ಸಪ್ತಪದಿಯೇ ಮೊದಲು. ಈ ಕ್ರಮ ಗೊತ್ತಿಲ್ಲದಿದ್ದರೆ ನೀವು ಒಂದನ್ನು ವಿವರಿಸುವಾಗ ಮಂಟಪದಲ್ಲಿ ಇನ್ನೊಂದು ನಡೆಯುತ್ತಿರುತ್ತದೆ. ಎಲ್ಲ ಮದುವೆಯಲ್ಲೂ ಇವು ಇರುತ್ತವೆ ಎಂದೂ ಹೇಳಬೇಡಿ. ಕೊಡವರ ಸಾಂಪ್ರದಾಯಿಕ ಮದುವೆಯಲ್ಲಿ ಪುರೋಹಿತರೂ ಇಲ್ಲ, ಹೋಮವೂ ಇಲ್ಲ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ದಾರಿಯೇ ಬೇರೆ.

ಕನ್ಯಾದಾನವನ್ನು ನಮ್ಮ ಜನ ಧಾರೆ ಎನ್ನುತ್ತಾರೆ. ಅತಿಥಿಯ ಕಣ್ಣನ್ನು ಕೈಗಳ ಕಡೆ ತಿರುಗಿಸಿ. ವರನ ಕೈ, ಅದರ ಮೇಲೆ ವಧುವಿನ ಕೈ, ಜೊತೆಗೆ ವಧುವಿನ ತಂದೆಯ ಕೈ. ಹಲವು ಮನೆಗಳಲ್ಲಿ ನಡುವೆ ಒಂದು ತೆಂಗಿನಕಾಯಿ. ತಾಯಿ ಕಲಶದಿಂದ ಸಣ್ಣ ಧಾರೆಯಾಗಿ ನೀರು ಎರೆಯುತ್ತಾರೆ, ಕೆಳಗಿನ ಹರಿವಾಣ ಅದನ್ನು ಹಿಡಿಯುತ್ತದೆ. ಅದೇ ಹೊತ್ತಿಗೆ ಎರಡೂ ಕಡೆಯ ಗೋತ್ರ, ಮುತ್ತಜ್ಜ, ಅಜ್ಜ, ತಂದೆಯರ ಹೆಸರುಗಳನ್ನು ಪುರೋಹಿತರು ಗಟ್ಟಿಯಾಗಿ ಹೇಳುತ್ತಾರೆ. ಮೂರು ತಲೆಮಾರಿನ ಹೆಸರು ಹಿಡಿದು, ಸೇರಿದ ಎಲ್ಲರೆದುರು ಸಂಬಂಧವನ್ನು ಸಾರುವ ಕ್ರಮವಿದು ಎಂದರೆ ಅತಿಥಿಗೆ ಸುಲಭವಾಗಿ ತಿಳಿಯುತ್ತದೆ.

ವಿವರಣೆ ಇಲ್ಲಿಗೇ ನಿಂತರೆ, ಹೆಣ್ಣನ್ನು ವಸ್ತುವಿನಂತೆ ಕೊಟ್ಟುಬಿಟ್ಟರು ಎಂದೇ ಅತಿಥಿ ತಿಳಿಯುತ್ತಾರೆ. ಆ ಪ್ರಶ್ನೆ ನಮ್ಮ ಮನೆಗಳಲ್ಲೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಕನ್ಯಾದಾನ ಬೇಡವೆಂದು ಬಿಡುವ ಮನೆಗಳೂ ಇವೆ. ಆದರೆ ಬಿಟ್ಟುಹೋಗುವ ಇನ್ನರ್ಧವನ್ನೂ ಹೇಳಿ. ಕೊಡುವಾತ ಇಲ್ಲಿ ಷರತ್ತು ಹಾಕುತ್ತಾನೆ: ಧರ್ಮ, ಅರ್ಥ, ಕಾಮ ಈ ಮೂರರಲ್ಲೂ ನೀನು ಇವಳನ್ನು ಮೀರಿ ನಡೆಯಬಾರದು. ವರ ‘ನಾತಿಚರಾಮಿ’ ಎನ್ನುತ್ತಾನೆ, ಮೀರುವುದಿಲ್ಲ ಎಂದು. ಈ ಮಾತು ವಾದ್ಯದ ಸದ್ದಿನಲ್ಲಿ ಮುಳುಗಿಹೋಗುವುದೇ ಹೆಚ್ಚು. ಆ ಒಂದು ನಿಮಿಷ ಓಲಗ ತಗ್ಗಿಸಲು ಮೊದಲೇ ಹೇಳಿಡಿ.

ಮಾಂಗಲ್ಯಧಾರಣೆಗೆ ಹೆಚ್ಚು ವಿವರಣೆ ಬೇಡ. ಗಟ್ಟಿಮೇಳ ಮೊಳಗಿದಾಗ ಅಕ್ಷತೆ ಹಾಕಬೇಕು ಎಂದರೆ ಸಾಕು. ಕೈಗೆ ಒಂದು ಚಿಟಿಕೆ ಕೊಡಿ, ಗಟ್ಟಿಮೇಳಕ್ಕೆ ಮುಂಚೆ ಎಸೆಯಬಾರದೆಂದೂ ತಿಳಿಸಿ.

ಎಡವಟ್ಟಾಗುವುದು ಇದರ ನಂತರ. ತಾಳಿ ಕಟ್ಟಿದ ಕೂಡಲೇ ಅರ್ಧ ಛತ್ರ ಊಟದ ಪಂಕ್ತಿಗೆ ಎದ್ದುಹೋಗುತ್ತದೆ. ಮದುವೆ ಮುಗಿಯಿತೆಂದು ಅತಿಥಿಯೂ ಎದ್ದು ಹೋಗುತ್ತಾರೆ. ಸಪ್ತಪದಿ ಇನ್ನೂ ಬಾಕಿ ಇರುತ್ತದೆ. ಎರಡನೇ ಪಂಕ್ತಿಗೆ ಕೂರೋಣ ಎಂದು ಹೇಳಿ ಅವರನ್ನು ಹೋಮಕುಂಡದ ಬಳಿ, ವಧುವರರ ಪಾದ ಕಾಣುವ ಕಡೆ ಕೂರಿಸಿ. ಛಾಯಾಗ್ರಾಹಕರ ಹಿಂದೆ ಕೂತರೆ ಅವರ ಬೆನ್ನಷ್ಟೇ ಕಾಣುತ್ತದೆ.

ಆಶ್ವಲಾಯನ ಕ್ರಮದ ಮದುವೆಯನ್ನೇ ತೆಗೆದುಕೊಳ್ಳಿ. ವಧುವಿನ ಸಹೋದರ ಅವಳ ಬೊಗಸೆಗೆ ಅರಳು ಹಾಕುತ್ತಾನೆ, ಅದು ಅಗ್ನಿಗೆ ಬೀಳುತ್ತದೆ, ಇಬ್ಬರೂ ಅಗ್ನಿಗೆ ಪ್ರದಕ್ಷಿಣೆ ಬರುತ್ತಾರೆ. ಹೀಗೆ ಮೂರು ಬಾರಿ. ಹಿಂದಿ ಸಿನಿಮಾದ ಏಳು ಸುತ್ತು ನೋಡಿರುವ ಅತಿಥಿ ಇದನ್ನೇ ಸಪ್ತಪದಿ ಎಂದುಕೊಂಡು, ನಾಲ್ಕು ಸುತ್ತು ಕಡಿಮೆಯಾಯಿತಲ್ಲ ಎಂದು ಕೇಳುವುದು ಸಹಜ. ಇದು ಲಾಜಹೋಮ. ಸಪ್ತಪದಿಯಲ್ಲಿ ಸುತ್ತುವುದೇ ಇಲ್ಲ. ಈಶಾನ್ಯ ದಿಕ್ಕಿಗೆ ಸಾಲಾಗಿ ಅಕ್ಕಿಯ ಏಳು ಸಣ್ಣ ಗುಪ್ಪೆ ಇಟ್ಟಿರುತ್ತಾರೆ. ವಧು ಬಲಗಾಲನ್ನು ಮುಂದಿಟ್ಟು, ವರನ ಜೊತೆ ಒಂದೊಂದನ್ನೇ ದಾಟುತ್ತಾಳೆ.

ಪ್ರತಿ ಹೆಜ್ಜೆಗೂ ಒಂದೊಂದು ಪದ ಹೇಳಿದರೆ ಸಾಕು: ಅನ್ನ, ಬಲ, ಸಂಪತ್ತು, ಸುಖ, ಸಂತಾನ, ಋತುಗಳು, ಸ್ನೇಹ. ಏಳನೆಯದನ್ನು ಮಾತ್ರ ಬಿಡಿಸಿ ಹೇಳಿ. ‘ಸಖಾ ಸಪ್ತಪದೀ ಭವ’, ಏಳನೇ ಹೆಜ್ಜೆಗೆ ನನ್ನ ಗೆಳತಿಯಾಗು. ಧಾರೆಯಲ್ಲಿ ಮಾತು ನಡೆಸಿದವರು ಹಿರಿಯರು; ಇಲ್ಲಿ ವರ ನೇರವಾಗಿ ವಧುವಿಗೇ ಹೇಳುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ದಾನದ ಬಗ್ಗೆ ಅತಿಥಿಗಿದ್ದ ಪ್ರಶ್ನೆಗೆ ತಕ್ಕಮಟ್ಟಿಗೆ ಉತ್ತರ ಸಿಗುತ್ತದೆ.

ಮದುವೆ ಕಾನೂನಿನ ಪ್ರಕಾರ ಯಾವಾಗ ಆಯಿತು ಎಂದು ಕೆಲವರು ಕೇಳುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ಸಪ್ತಪದಿ ಇರುವ ಸಂಪ್ರದಾಯದಲ್ಲಿ ಅಗ್ನಿಯ ಮುಂದೆ ಇಬ್ಬರೂ ಏಳನೇ ಹೆಜ್ಜೆ ಇಟ್ಟಾಗ ವಿವಾಹ ಪೂರ್ಣವಾಗುತ್ತದೆ. ಕನ್ಯಾದಾನ ಅಗತ್ಯ ವಿಧಿಯಲ್ಲ ಎಂದು ಅಲಹಾಬಾದ್ ಹೈಕೋರ್ಟ್ 2024ರಲ್ಲಿ ಹೇಳಿದೆ. ನೋಂದಣಿಗೆ ಅರ್ಜಿ ಹಾಕುವವರಿಗೆ ಈ ಹೆಜ್ಜೆಗಳ ಒಂದು ಸ್ಪಷ್ಟ ಫೋಟೊ ಇದ್ದರೆ ಒಳ್ಳೆಯದು, ಅದನ್ನು ತೆಗೆಯುವ ಕೆಲಸವನ್ನು ಮುಂದೆ ಕುಳಿತ ಅತಿಥಿಗೇ ಒಪ್ಪಿಸಬಹುದು.