ಒಂದೇ ಬದಿಗೆ ತೆರೆಯುವ ಸ್ಲಿಟ್ ಮತ್ತು ಕಾಣೆಯಾದ ಅದಲುಬದಲು

ಜೋಡಿ ಸೀಳಿನ ಪ್ರಯೋಗದಲ್ಲಿ ಬೆಳಕಿನ ಆಕರವನ್ನು ಅಗಲ ಮಾಡುತ್ತ ಹೋದರೆ ವ್ಯತಿಕರಣ ಪಟ್ಟಿಗಳು ಮಸುಕಾಗಿ ಅಳಿಸಿಹೋಗುತ್ತವೆ ಎಂದು ನಾನು ಪದವಿ ತರಗತಿಗಳಲ್ಲಿ ಹಲವು ವರ್ಷ ಪಾಠ ಹೇಳಿದ್ದೆ. ಅಳಿಸಿಹೋದ ಪಟ್ಟಿಗಳು ಆಕರವನ್ನು ಇನ್ನಷ್ಟು ಅಗಲಗೊಳಿಸಿದಾಗ ಮತ್ತೆ ಮೂಡುತ್ತವೆ, ಆಗ ಬೆಳಕಿನ ಪಟ್ಟಿಯಿದ್ದ ಜಾಗಕ್ಕೆ ಕತ್ತಲಿನ ಪಟ್ಟಿ ಬಂದಿರುತ್ತದೆ ಎಂಬುದನ್ನೂ ಸೂತ್ರದ ಬಲದಿಂದಲೇ ಹೇಳುತ್ತಿದ್ದೆ. ಇದನ್ನು ಕಣ್ಣಾರೆ ನೋಡಬೇಕೆಂದು ಪ್ರಯೋಗಾಲಯದಲ್ಲಿ ಕುಳಿತಾಗ ಪಟ್ಟಿಗಳು ಮರಳಿ ಬಂದದ್ದು ನಿಜ. ಆದರೆ ಕತ್ತಲು ಬೆಳಕುಗಳ ಅದಲುಬದಲು ಮಾತ್ರ ನಡೆಯಲಿಲ್ಲ.

ನನ್ನ ಜೋಡಣೆ ಸರಳವಾಗಿತ್ತು. ಸೋಡಿಯಂ ದೀಪ, ಅದರ ಮುಂದೆ ಒಂದು ಮಬ್ಬುಗಾಜು, ಗಾಜಿಗೆ ತಾಗಿದಂತೆ 5 ಮಿ.ಮೀ. ಎತ್ತರದ, ಅಗಲ ಬದಲಿಸಬಹುದಾದ ಸ್ಲಿಟ್. ಅಲ್ಲಿಂದ 1 ಮೀಟರ್ ದೂರದಲ್ಲಿ ಜೋಡಿ ಸೀಳು. ಸೀಳುಗಳ ನಡುವಿನ ಅಂತರ 0.5 ಮಿ.ಮೀ., ಒಂದೊಂದರ ಅಗಲ 0.1 ಮಿ.ಮೀ. ಅದರಾಚೆ ಇನ್ನೊಂದು ಮೀಟರ್ ದೂರದಲ್ಲಿ ಮಸೂರ ತೆಗೆದ ಕ್ಯಾಮೆರಾ. ಮಬ್ಬುಗಾಜನ್ನು ಮೊದಲು ಇಟ್ಟಿರಲಿಲ್ಲ. ದೀಪದ ಕೊಳವೆ ಎಲ್ಲೆಡೆ ಒಂದೇ ಸಮನಾಗಿ ಬೆಳಗುವುದಿಲ್ಲವಾದ್ದರಿಂದ, ಸ್ಲಿಟ್ ಎಷ್ಟು ತೆರೆದಿದೆಯೋ ಅಷ್ಟೂ ಅಗಲ ಸಮನಾಗಿ ಬೆಳಗಲಿ ಎಂದು ಆಮೇಲೆ ಸೇರಿಸಿದೆ.

ಪಟ್ಟಿಗಳ ಗೋಚರತೆಯನ್ನು ಅಳೆಯುವ ಕ್ರಮ ಎಲ್ಲರಿಗೂ ತಿಳಿದದ್ದೇ: ಗರಿಷ್ಠ ಮತ್ತು ಕನಿಷ್ಠ ತೀವ್ರತೆಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸುವುದು. ಆಕರದ ಅಗಲ w, ಸೀಳುಗಳ ಅಂತರ d, ಆಕರದಿಂದ ಸೀಳುಗಳಿಗಿರುವ ದೂರ L, ಬೆಳಕಿನ ತರಂಗಾಂತರ λ ಆದರೆ, ಸಮನಾಗಿ ಬೆಳಗುವ ಆಕರಕ್ಕೆ ಗೋಚರತೆ ಹೀಗಿರುತ್ತದೆ:

V = |sin(πwd/λL) / (πwd/λL)|

ಇದರ ಹಿಂದಿರುವ ವಿಚಾರ ಸುಲಭ. ಅಗಲವಾದ ಆಕರದ ಪ್ರತಿಯೊಂದು ಬಿಂದುವೂ ತನ್ನದೇ ಆದ, ಪೂರ್ತಿ ಸ್ಪಷ್ಟವಾದ ಪಟ್ಟಿಗಳನ್ನು ಮೂಡಿಸುತ್ತದೆ. ಬಿಂದು ಬಲಕ್ಕೆ ಸರಿದರೆ ಅದರ ಪಟ್ಟಿಗಳು ಎಡಕ್ಕೆ ಸರಿಯುತ್ತವೆ. ಬೇರೆ ಬೇರೆ ಬಿಂದುಗಳ ಬೆಳಕು ಪರಸ್ಪರ ಸಂಸಕ್ತವಲ್ಲದ ಕಾರಣ ಈ ಎಲ್ಲ ಪಟ್ಟಿಗಳ ತೀವ್ರತೆಗಳು ಸುಮ್ಮನೆ ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಆಕರದ ಅಗಲ λL/d ಆದಾಗ ಪಟ್ಟಿಗಳು ಸರಿಯಾಗಿ ಒಂದು ಪಟ್ಟಿಯಗಲದಷ್ಟು ಹರಡಿಕೊಂಡು, ಕ್ಯಾಮೆರಾದಲ್ಲಿ ಬರೀ ಸಮತಟ್ಟಾದ ಬೆಳಕು ಉಳಿಯುತ್ತದೆ. ಸೋಡಿಯಂನ 589 ನ್ಯಾನೋಮೀಟರ್ ತರಂಗಾಂತರಕ್ಕೆ ನನ್ನ ಜೋಡಣೆಯಲ್ಲಿ ಆ ಅಗಲ 1.18 ಮಿ.ಮೀ. ಎರಡು ದೂರಗಳೂ 1 ಮೀಟರ್ ಆಗಿದ್ದರಿಂದ ಕ್ಯಾಮೆರಾದ ಮೇಲಿನ ಪಟ್ಟಿಯಗಲವೂ ಅಷ್ಟೇ ಬರುತ್ತದೆ.

ಕ್ಯಾಮೆರಾದ ಜೆಪೆಗ್ ಚಿತ್ರಗಳನ್ನು ನಾನು ಬಳಸಲಿಲ್ಲ. ಅವುಗಳಲ್ಲಿ ದಾಖಲಾಗುವ ಸಂಖ್ಯೆ ಬೆಳಕಿನ ತೀವ್ರತೆಗೆ ನೇರ ಅನುಪಾತದಲ್ಲಿ ಇರುವುದಿಲ್ಲ. ರಾ ಕಡತದ ಒಂದೇ ಬಣ್ಣದ ಪಿಕ್ಸೆಲ್‌ಗಳನ್ನು ತೆಗೆದುಕೊಂಡು, ಸ್ಲಿಟ್ ಮುಚ್ಚಿ ತೆಗೆದ ಚಿತ್ರವನ್ನು ಅದರಿಂದ ಕಳೆದೆ. ಸ್ಲಿಟ್ 0.3, 0.6 ಮತ್ತು 0.9 ಮಿ.ಮೀ. ತೆರೆದಾಗ ನನಗೆ ಸಿಕ್ಕ ಗೋಚರತೆ 0.87, 0.60 ಮತ್ತು 0.27, ಸೂತ್ರ ಹೇಳುವುದು 0.90, 0.63 ಮತ್ತು 0.28. ಮೂರೂ ಅಳತೆಗಳು ಹೆಚ್ಚುಕಡಿಮೆ ಶೇ 4ರಷ್ಟು ಒಂದೇ ಪ್ರಮಾಣದಲ್ಲಿ ಕಡಿಮೆಯಿದ್ದವು. ಹಿನ್ನೆಲೆಯ ಬೆಳಕನ್ನು ಆಗಲೇ ಕಳೆದಾಗಿತ್ತು. ಸ್ಲಿಟ್ ಜೋಡಿ ಸೀಳಿಗೆ ಸಮಾಂತರವಾಗಿರದೆ ಸುಮಾರು 2 ಡಿಗ್ರಿ ವಾಲಿದ್ದರೆ ಅದರ 5 ಮಿ.ಮೀ. ಎತ್ತರವೇ ಅಡ್ಡಕ್ಕೆ 0.17 ಮಿ.ಮೀ. ಹರಡಿದಂತಾಗುತ್ತದೆ, ಅದರಿಂದ ಆಗುವ ನಷ್ಟ ಸರಿಯಾಗಿ ಇಷ್ಟೇ. ಸ್ಲಿಟ್ಟನ್ನು ಕಿರಿದಾಗಿಟ್ಟು, ಪಟ್ಟಿಗಳು ಅತ್ಯಂತ ಚೊಕ್ಕವಾಗುವವರೆಗೆ ನಿಧಾನವಾಗಿ ತಿರುಗಿಸಿದ ಮೇಲೆ ಕೊರತೆ ನೀಗಿತು.

ಸ್ಲಿಟ್ಟನ್ನು ತೆರೆಯುವ ತಿರುಪನ್ನು ಮುಂದಕ್ಕೆ ತಿರುಗಿಸಿದೆ. ಓದು 1.24ಕ್ಕೆ ಬಂದಾಗ ಪಟ್ಟಿಗಳು ಪೂರ್ತಿ ಅಳಿಸಿಹೋದವು. ಇನ್ನೂ ಸ್ವಲ್ಪ ತೆರೆದಾಗ ತೆಳುವಾಗಿ ಮರಳಿ ಮೂಡಿದವು. ಮೊದಲ ಚಿತ್ರದ ಪಕ್ಕ ಇದನ್ನಿಟ್ಟು ನೋಡಿದರೆ ಬೆಳಕಿನ ಪಟ್ಟಿಗಳು ಮೊದಲು ಎಲ್ಲಿದ್ದವೋ ಅಲ್ಲೇ ಇದ್ದವು! ಮಾರನೆಯ ದಿನ ಮತ್ತೆ ಮಾಡಿದೆ, ಅದೇ ಕಥೆ. ಅಳಿಯುವುದಕ್ಕೆ ಮುಂಚೆ ಪಟ್ಟಿಗಳು ಎಡಕ್ಕೆ ತೆವಳುತ್ತಿದ್ದುದನ್ನು ಎರಡೂ ದಿನ ಗಮನಿಸಿದ್ದೆ. ತಿರುಪು ತಿರುಗಿಸುವಾಗ ಮೇಜು ಅಲುಗಿರಬೇಕು ಎಂದುಕೊಂಡು ಅದನ್ನು ಬದಿಗಿಟ್ಟಿದ್ದೆ.

ಉತ್ತರ ಆ ತೆವಳುವಿಕೆಯಲ್ಲೇ ಇತ್ತು. ನನ್ನ ಸ್ಲಿಟ್‌ನಲ್ಲಿ ಎಡ ಅಲಗು ಸ್ಥಿರ. ತಿರುಪಿನೊಂದಿಗೆ ಚಲಿಸುವುದು ಬಲ ಅಲಗು ಮಾತ್ರ. ಹಾಗಾಗಿ ಸ್ಲಿಟ್ 0.6 ಮಿ.ಮೀ. ತೆರೆದರೆ ಆಕರದ ನಡುಬಿಂದು 0.3 ಮಿ.ಮೀ. ಬಲಕ್ಕೆ ಸರಿಯುತ್ತದೆ, ಪಟ್ಟಿಗಳು ಅಷ್ಟೇ ಎಡಕ್ಕೆ ಸರಿಯುತ್ತವೆ. ಅಳಿಯುವ ಹೊತ್ತಿಗೆ ಅವು ಅರ್ಧ ಪಟ್ಟಿಯಗಲ ಸರಿದಿರುತ್ತವೆ, ಅದಲುಬದಲಿನಿಂದ ಇನ್ನರ್ಧ ಸರಿಯುತ್ತವೆ; ಒಟ್ಟು ಒಂದು ಪೂರ್ತಿ ಪಟ್ಟಿಯಾದ್ದರಿಂದ ಕಣ್ಣಿಗೆ ಏನೂ ಬದಲಾದಂತೆ ಕಾಣುವುದಿಲ್ಲ. ಇನ್ನೊಂದು ಬಗೆಯಲ್ಲೂ ಇದನ್ನು ನೋಡಬಹುದು. ಅಳಿದ ಸ್ಥಿತಿಯಲ್ಲಿ 1.18 ಮಿ.ಮೀ. ಅಗಲದ ಬೆಳಕು ಸಮತಟ್ಟಾಗಿದೆ. ಅದರ ಮೇಲೆ ಹೊಸದಾಗಿ ಪಟ್ಟಿ ಮೂಡಿಸುವುದು ಬಲ ಅಂಚಿನಲ್ಲಿ ಹೆಚ್ಚಾಗಿ ತೆರೆದ ಸಣ್ಣ ಎಳೆ ಮಾತ್ರ. ಆ ಎಳೆ ಎಡ ಅಂಚಿನಿಂದ ಸರಿಯಾಗಿ ಒಂದು ಪಟ್ಟಿಯಷ್ಟು ದೂರದಲ್ಲಿರುವುದರಿಂದ ಅದರ ಪಟ್ಟಿಗಳು ಮೊದಮೊದಲಿನ ಪಟ್ಟಿಗಳ ಮೇಲೆಯೇ ಬೀಳುತ್ತವೆ. ಸ್ಲಿಟ್ ಎರಡೂ ಬದಿಗೆ ಸಮನಾಗಿ ತೆರೆಯುವಂಥದ್ದಾಗಿದ್ದರೆ ಹೊಸ ಎಳೆಗಳು ನಡುಬಿಂದುವಿನಿಂದ ಅರ್ಧರ್ಧ ಪಟ್ಟಿ ದೂರದಲ್ಲಿದ್ದು, ಬೆಳಕಿದ್ದಲ್ಲಿ ಕತ್ತಲನ್ನು ತರುತ್ತಿದ್ದವು.

ಹೊಸ ಸ್ಲಿಟ್ ಕೊಳ್ಳುವ ಬದಲು ಇಡೀ ಸ್ಲಿಟ್ಟನ್ನು ಅಡ್ಡಕ್ಕೆ ಸರಿಸುವ ಇನ್ನೊಂದು ತಿರುಪಿನ ಮೇಲೆ ಕೂರಿಸಿದೆ. ಪ್ರತಿ ಸಲ ಸ್ಲಿಟ್ ಎಷ್ಟು ತೆರೆದೆನೋ ಅದರ ಅರ್ಧದಷ್ಟು ಅದನ್ನು ಎಡಕ್ಕೆ ಸರಿಸುತ್ತ ಹೋದೆ. ಈಗ ಪಟ್ಟಿಗಳು ತೆವಳದೆ ಇದ್ದಲ್ಲೇ ಮಸುಕಾದವು, ಅಳಿದವು, ನಡುವೆ ಕತ್ತಲಿನ ಪಟ್ಟಿಯೊಂದಿಗೆ ಮರಳಿ ಬಂದವು. ಸುಮಾರು 1.7 ಮಿ.ಮೀ. ಅಗಲದಲ್ಲಿ ಅವು ಅತ್ಯಂತ ಸ್ಪಷ್ಟವಾಗಿದ್ದು, ಗೋಚರತೆ 0.21 ಸಿಕ್ಕಿತು, ಸೂತ್ರದ ಪ್ರಕಾರ 0.22.

ತಿರುಪಿನ ಓದು 1.18ರ ಬದಲು 1.24 ಬಂದದ್ದಕ್ಕೂ ಇಲ್ಲೇ ಪರಿಹಾರ ಸಿಕ್ಕಿತು. ಪಟ್ಟಿಗಳು ಎರಡನೆಯ ಸಲ ಅಳಿದದ್ದು 2.42ರಲ್ಲಿ. ಎರಡು ಓದುಗಳ ವ್ಯತ್ಯಾಸ ಸರಿಯಾಗಿ 1.18, ಅಂದರೆ ದೋಷವಿರುವುದು ತಿರುಪಿನ ಸೊನ್ನೆಯಲ್ಲಿ, 0.06 ಮಿ.ಮೀ.ನಷ್ಟು. ಅಲಗುಗಳು ತಾಗುವವರೆಗೆ ಬಿಗಿದು ಸೊನ್ನೆ ಹುಡುಕಿ ಅವುಗಳ ಅಂಚು ಕೆಡಿಸುವುದಕ್ಕಿಂತ ಇದು ಎಷ್ಟೋ ವಾಸಿ. ಮೇಲೆ ಹೇಳಿದ ಅಗಲಗಳೆಲ್ಲ ಈ ತಿದ್ದುಪಡಿ ಮಾಡಿದ ನಂತರದವು.

ಕೊನೆಗೆ ಸ್ಲಿಟ್ಟನ್ನು ಮತ್ತೆ 1.18 ಮಿ.ಮೀ.ಗೆ ತಂದು, ಪಟ್ಟಿಗಳೇ ಇಲ್ಲದ ಆ ಬೆಳಕಿನಲ್ಲಿ 0.5 ಮಿ.ಮೀ.ನ ಜೋಡಿ ಸೀಳನ್ನು ತೆಗೆದು 0.25 ಮಿ.ಮೀ.ನದನ್ನು ಇಟ್ಟೆ. ಇಮ್ಮಡಿ ಅಗಲದ ಪಟ್ಟಿಗಳು 0.6ಕ್ಕಿಂತ ಹೆಚ್ಚಿನ ಗೋಚರತೆಯೊಂದಿಗೆ ಎದ್ದು ಕಂಡವು. ದೀಪ, ಮಬ್ಬುಗಾಜು, ಸ್ಲಿಟ್ ಯಾವುದೂ ಬದಲಾಗಿರಲಿಲ್ಲ. ಸ್ಪೇಶಿಯಲ್ ಕೊಹೆರೆನ್ಸ್ ಎಂದು ನಾವು ಕರೆಯುವುದು ಬೆಳಕಿನ ಕಿರಣದಲ್ಲಿ ಆಯ್ದುಕೊಂಡ ಎರಡು ಬಿಂದುಗಳ ನಡುವಿನ ಸಂಬಂಧ. ಅರ್ಧ ಮಿಲಿಮೀಟರ್ ದೂರದ ಬಿಂದುಗಳಿಗೆ ಇಲ್ಲದ ಆ ಸಂಬಂಧ ಕಾಲು ಮಿಲಿಮೀಟರ್ ದೂರದವಕ್ಕೆ ಉಳಿದಿತ್ತು. 1920ರಲ್ಲಿ ಮೌಂಟ್ ವಿಲ್ಸನ್‌ನಲ್ಲಿ ಮೈಕೆಲ್‌ಸನ್ ಮತ್ತು ಪೀಸ್ ಮಾಡಿದ್ದೂ ಇದನ್ನೇ: ನಕ್ಷತ್ರದ ಅಗಲವನ್ನು ಬದಲಿಸಲಾಗದ ಕಾರಣ ಅವರು ಜೋಡಿ ಸೀಳಿನ ಜಾಗದಲ್ಲಿದ್ದ ಎರಡು ಕನ್ನಡಿಗಳ ಅಂತರವನ್ನು ಹೆಚ್ಚಿಸುತ್ತ ಹೋದರು, ಸುಮಾರು 3 ಮೀಟರ್‌ಗೆ ಬಂದಾಗ ಬೀಟಲ್‌ಜ್ಯೂಸ್‌ನ ಪಟ್ಟಿಗಳು ಅಳಿದವು.